ಕಂಡಕ್ಟರನ ಕಿಸೆ, ರೊಟ್ಟಿ ಅಂಗಡಿಯ ಗಲ್ಲಾ

ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಶೇಖರಮ್ಮನ ಅಂಗಡಿ ಹುಡುಕಲು ಬೋರ್ಡು ಓದಬೇಕಿಲ್ಲ, ಕಿವಿ ಇದ್ದರೆ ಸಾಕು. ಬೆಳಗಿನ ಆರಕ್ಕೆಲ್ಲ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಒಂದು ಕೈ ಶೇಖರಮ್ಮನದು, ಒಂದು ಕೂಲಿಗೆ ಬರುವ ಮಾರೆವ್ವನದು, ಮತ್ತೊಂದು ಮಾರೆವ್ವನ ಸೊಸೆಯದು. ಮೂರೂ ಕೈ ಒಂದೇ ತಾಳಕ್ಕೆ ಬಿದ್ದವೆಂದರೆ ಎದುರಿನ ಚಹಾದಂಗಡಿಯವನ ಲೋಟಗಳೂ ಕುಣಿಯುತ್ತಿದ್ದವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶನಿವಾರಕ್ಕೊಮ್ಮೆ ಹೋಳಿಗೆ. ಮಧ್ಯಾಹ್ನ ಎರಡರೊಳಗೆ ರೊಟ್ಟಿಯ ಬುಟ್ಟಿ ಖಾಲಿ. ಸಂಜೆ ಐದರೊಳಗೆ ಗಲ್ಲಾವೂ ಖಾಲಿ.

ಬುಟ್ಟಿ ಖಾಲಿಯಾಗುವುದು ಶೇಖರಮ್ಮನಿಗೆ ಅರ್ಥವಾಗುತ್ತಿತ್ತು. ಗಲ್ಲಾ ಯಾಕೆ ಖಾಲಿಯಾಗುತ್ತದೆ ಎಂಬುದೇ ಅರ್ಥವಾಗುತ್ತಿರಲಿಲ್ಲ.

ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ಅಂಗಡಿ ಇಡುವಾಗ ಅವಳೇ ಎಲ್ಲರೆದುರು ಮಾತು ಕೊಟ್ಟಿದ್ದಳು. "ಹನ್ನೊಂದು ತಿಂಗಳ ಕರಾರು ಮಾಡೀನಿ. ಅಷ್ಟರಾಗ ಅಂಗಡಿ ತನ್ನ ಕಾಲ ಮ್ಯಾಲೆ ತಾ ನಿಲ್ಲಲಿಲ್ಲಂದ್ರ, ನನ್ನ ಕೈಯಾರೆ ಕೀಲಿ ಹಾಕ್ತೀನಿ." ನಲವತ್ತನಾಲ್ಕರ ವಯಸ್ಸಿನತನಕ ಮನೆಯವರಿಗಷ್ಟೇ ರೊಟ್ಟಿ ಬಡಿದ ಹೆಂಗಸು ಮೊದಲ ಸಲ ಊರಿಗೆ ಬಡಿಯಲು ಹೊರಟಾಗ, ಅಷ್ಟಾದರೂ ಧೈರ್ಯದ ಮಾತಾಡದಿದ್ದರೆ ಯಾರು ಬಿಡುತ್ತಾರೆ? ಈಗ ಹತ್ತು ತಿಂಗಳು ಕಳೆದು ಹನ್ನೊಂದನೆಯದು ನಡೆಯುತ್ತಿತ್ತು. ಕಟ್ಟಡದ ಮಾಲೀಕ ಲಕ್ಷ್ಮಣಪ್ಪ ಎರಡು ಸಲ ಬಂದು ಕೇಳಿ ಹೋಗಿದ್ದರು. "ಮುಂದುವರಿಸ್ತೀಯೋ ಬಿಡ್ತೀಯೋ, ಭಾನುವಾರ ಹೇಳಿಬಿಡು ತಂಗೆವ್ವ. ಮೊಬೈಲ್ ಅಂಗಡಿಯವ ಕಾಯಾಕತ್ಯಾನ."

ಗಂಡ ಅಂದಪ್ಪ ಡಿಪೋದಲ್ಲಿ ಕಂಡಕ್ಟರು. ಇಪ್ಪತ್ತೆರಡು ವರ್ಷದ ಸರ್ವೀಸು. ಕುಷ್ಟಗಿಯಿಂದ ಯಲಬುರ್ಗಾ, ಕುಕನೂರು ಮೇಲೆ ಕೊಪ್ಪಳಕ್ಕೆ ಹೋಗಿಬರುವ ಬಸ್ಸು ಅವನದು. ಕೆಟ್ಟವನಲ್ಲ, ಜಿಪುಣನೂ ಅಲ್ಲ. ಗಲ್ಲಾ ಸಾಲದೆ ಹೋದಾಗಲೆಲ್ಲ ತನ್ನ ಪಗಾರದಿಂದ ಐದೋ ಆರೋ ಸಾವಿರ ಹಾಕುತ್ತಿದ್ದ. ಹಾಕಿದ ಮೇಲೆ ಅನ್ನುತ್ತಿದ್ದ, ಅದೇ ತಾಪತ್ರಯ.

"ಅಂಗಡಿ ಅಲ್ಲಲೇ ಇದು, ತೂತು ಬಿದ್ದ ಕೊಡ. ನಾ ಮ್ಯಾಲಿಂದ ಹಾಕೂದು, ಅದು ಕೆಳಗಿಂದ ಸೋರೂದು. ಇಲ್ಲೀತನಕ ಐವತ್ತೆರಡು ಸಾವಿರ ಹಾಕೀನಿ. ಬರದ ಇಟ್ಟೀನಿ."

"ತೂತು ಎಲ್ಲೈತಿ ಅಂತ ಕೆಳಗ ಕುಂತು ನೋಡಬೇಕು ಅಣ್ಣಾರ," ಎನ್ನುತ್ತಿದ್ದಳು ಮಾರೆವ್ವ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ. "ನಿಂತು ಬೈದ್ರ ಕಾಣಂಗಿಲ್ಲ."

ಶೇಖರಮ್ಮ ಹಿಟ್ಟು ನಾದುತ್ತಲೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದಳು. ರೊಟ್ಟಿ ತೆಳ್ಳಗಿದೆ, ಗಿರಾಕಿ ಇದ್ದಾರೆ, ಉದ್ರಿ ಕೊಡುವುದಿಲ್ಲ. ಆದರೂ ತಿಂಗಳ ಕೊನೆಗೆ ಜೋಳದ ಹಿಟ್ಟಿಗೆ ಕಾಸಿಲ್ಲ. ಗಂಡನ ಮಾತು ಸುಳ್ಳೆನ್ನಲು ಬಾಯಿ ಬರುತ್ತಿರಲಿಲ್ಲ, ನಿಜವೆನ್ನಲು ಮನಸ್ಸು ಬರುತ್ತಿರಲಿಲ್ಲ.

ಕೊನೆಗೆ ಮಾಡಿದ್ದು ಒಂದೇ ಕೆಲಸ. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ದಿನಾ ಬಂದದ್ದನ್ನು ಮೇಲೆ, ಹೋದದ್ದನ್ನು ಕೆಳಗೆ ಬರೆದಿಡುವುದು ಅವಳ ರೂಢಿ. ಹತ್ತು ತಿಂಗಳ ಹಾಳೆ ಹರಿದು, ಪಾಸ್‌ಬುಕ್ಕಿನ ಜೊತೆ ಕೈಚೀಲಕ್ಕೆ ಹಾಕಿ, ಮೇಲೊಂದು ಡಬ್ಬಿ ಚಟ್ನಿ ಇಟ್ಟು ಕೊಪ್ಪಳಕ್ಕೆ ಕಳಿಸಿದಳು. ಅಲ್ಲಿ ಶಬೀನಾ ಎಂಬಾಕೆ ಸಣ್ಣ ಅಂಗಡಿಗಳ ಲೆಕ್ಕ ಬರೆಯುತ್ತಿದ್ದಳು. ಆಹಾರದ ಲೈಸೆನ್ಸ್ ಮಾಡಿಸಿಕೊಟ್ಟವಳೂ ಅವಳೇ. ಚೀಲ ಹೊತ್ತು ಹೋದದ್ದು ಯಾರ ಬಸ್ಸಿನಲ್ಲಿ? ಅಂದಪ್ಪನ ಬಸ್ಸಿನಲ್ಲೇ.

ನಾಲ್ಕನೇ ದಿನ ಉತ್ತರವೂ ಅದೇ ಬಸ್ಸಿನಲ್ಲಿ ಬಂತು. ಮರುದಿನ ಭಾನುವಾರ, ಅಂದಪ್ಪನಿಗೆ ವಾರದ ರಜೆ. ಬೆಳಿಗ್ಗೆ ಅಂಗಡಿಗೆ ಬಂದವನೇ ದಪ್ಪ ಲಕೋಟೆಯನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಹೇಳಿದ: "ನಿಮ್ಮ ಮೇಡಂ ಕೊಟ್ಟಾರ. ಲಗೇಜ್ ಟಿಕೆಟ್ ಇಲ್ದ ತಂದೀನಿ, ಚಹಾ ಕುಡಸು." ಹೇಳುತ್ತಲೇ ಗಲ್ಲಾ ಎಳೆದು, ದಿನದ ರೂಢಿಯಂತೆ ನೂರರ ನೋಟೊಂದನ್ನು ತೆಗೆದು ಅಂಗಿಯ ಕಿಸೆಗೆ ಇಳಿಸಿದ.

ಶೇಖರಮ್ಮ ಕೈಯ ಹಿಟ್ಟು ಒರೆಸಿಕೊಂಡು ಲಕೋಟೆ ಒಡೆದಳು. ಗಟ್ಟಿಯಾಗಿ ಓದತೊಡಗಿದಳು. ಮುಚ್ಚುವುದಾದರೆ ಮಾರೆವ್ವನ ಕೂಲಿಯೂ ಮುಚ್ಚುತ್ತದೆ, ಅವಳೂ ಕೇಳಲಿ ಎಂದು.

"ಶೇಖರಮ್ಮ ಅಕ್ಕಾರಿಗೆ ಶಬೀನಾ ಮಾಡುವ ನಮಸ್ಕಾರ. ನಿಮ್ಮ ಚೀಲ ಮುಟ್ಟಿತು. ಚಟ್ನಿಯನ್ನು ನನ್ನ ಮಕ್ಕಳು ಮುಗಿಸಿದರು, ಹಾಳೆಗಳನ್ನು ನಾನು ಮುಗಿಸಿದೆ. ಮೊದಲಿಗೆ ಒಂದು ಮಾತು ಕೇಳುತ್ತೇನೆ. ಆ ಚಟ್ನಿಯನ್ನು ಅಂಗಡಿಯಿಂದ ಕಳಿಸಿದಿರೋ, ಮನೆಯಿಂದ ಕಳಿಸಿದಿರೋ? ನಗಬೇಡಿ. ಈ ಪತ್ರ ಪೂರ್ತಿ ಇರುವುದು ಅದರ ಬಗ್ಗೆಯೇ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಕೈ ಹಿಟ್ಟಿನಲ್ಲಿರುತ್ತದೆ, ಹೂಂ ಹೂಂ ಅಂದು ಇಟ್ಟುಬಿಡುತ್ತೀರಿ. ಕಾಗದವಾದರೆ ಗೋಡೆಗೆ ಹಚ್ಚಬಹುದು."

"ಹೆಂಗ ಗೊತ್ತಾತು ಆಕಿಗೆ, ನೀ ಹೂಂ ಅಂತೀ ಅಂತ?" ಮಾರೆವ್ವ ನಕ್ಕಳು.

"ನೀವು ಒಂದನ್ನೂ ಬಿಡದೆ ಬರೆದಿದ್ದೀರಿ. ದೊಡ್ಡ ದೊಡ್ಡ ಅಂಗಡಿಯವರೂ ಹೀಗೆ ಬರೆಯುವುದಿಲ್ಲ, ಶಾಬಾಸ್. ಆದರೆ ಆಗಸ್ಟ್ ಹದಿನಾಲ್ಕರ ಚೌಕದಲ್ಲಿ ಏನಿದೆ ನೋಡಿ. ಜೋಳ, ಸುರೇಖಾನ ಹಾಸ್ಟೆಲ್, ಗ್ಯಾಸು, ಅತ್ತಿಗಿ ಮಗನ ಮದುವಿ ಆಯಿರ. ನಾಲ್ಕೂ ಒಂದೇ ಸಾಲಿನಲ್ಲಿ, ಅಕ್ಕಪಕ್ಕ. ಜೋಳ ನಾಳೆ ರೊಟ್ಟಿಯಾಗುತ್ತದೆ, ರೊಟ್ಟಿ ದುಡ್ಡಾಗುತ್ತದೆ. ಮದುವೆಗೆ ಕೊಡುವ ಉಡುಗೊರೆ, ಆಯಿರ, ಯಾವ ಹಂಚಿನ ಮೇಲೂ ಬೇಯುವುದಿಲ್ಲ ಅಕ್ಕಾ. ಎರಡನ್ನೂ ಒಂದೇ ಖರ್ಚೆಂದು ಕೂಡಿಸಿದರೆ, ಅಂಗಡಿ ಪಾಪ ಏನು ಮಾಡೀತು?

"ಆ ಒಂದು ತಿಂಗಳನ್ನು ನಾನು ಬಿಡಿಸಿ ಬರೆದಿದ್ದೇನೆ. ಅಂಗಡಿಯಲ್ಲಿ ಮಾರಿದ್ದು ತೊಂಬತ್ತಾರು ಸಾವಿರ. ಅಂಗಡಿಗೆಂದೇ ಆದ ಖರ್ಚು: ಜೋಳ, ಶೇಂಗಾ, ಎಣ್ಣೆ ಮೂವತ್ತೆಂಟು ಸಾವಿರ, ಮಾರೆವ್ವ ಮತ್ತು ಸೊಸೆಯ ಕೂಲಿ ಇಪ್ಪತ್ತು, ಬಾಡಿಗೆ ಆರು, ಗ್ಯಾಸು ಏಳು, ಕರೆಂಟು, ಪ್ಯಾಕಿಂಗು, ಚಿಲ್ಲರೆ ಪಲ್ಲರೆ ನಾಲ್ಕು. ಒಟ್ಟು ಎಪ್ಪತ್ತೈದು ಸಾವಿರ. ಉಳಿದದ್ದು ಇಪ್ಪತ್ತೊಂದು ಸಾವಿರ."

ಶೇಖರಮ್ಮ ಹಾಳೆಯನ್ನು ಕಣ್ಣಿನ ಹತ್ತಿರ ತಂದಳು. ಆ ಸಾಲನ್ನು ಇನ್ನೊಮ್ಮೆ ಓದಿದಳು, ಈ ಸಲ ತನಗಾಗಿ.

"ಉಳದೈತಿ?" ಅಂದಪ್ಪ ಚಹಾದ ಲೋಟ ಕೆಳಗಿಟ್ಟ. "ಎಲ್ಲೈತಿ ಉಳದಿದ್ದು? ಆ ತಿಂಗಳ ನಾ ಆರು ಸಾವಿರ ಹಾಕೀನಲ್ಲ. ಉಳದ್ರ ನಾ ಯಾಕ ಹಾಕ್ತಿದ್ದೆ?"

"ತಡೀರಿ, ಮುಂದ ಐತಿ." ಅವಳ ದನಿ ಸ್ವಲ್ಪ ಏರಿತ್ತು.

"ಉಳಿದದ್ದು ಎಲ್ಲಿ ಹೋಯಿತು ಅಂತ ಅಣ್ಣಾರು ಕೇಳುತ್ತಾರೆ, ಕೇಳಲಿ. ಮನೆಯ ಕಿರಾಣಿ ಆರು ಸಾವಿರ, ಗಂಗಾವತಿಯಲ್ಲಿ ಮಗಳ ಹಾಸ್ಟೆಲ್ ಎಂಟು, ಆಯಿರ ಆರು, ಬೈಕಿನ ಕಂತು ಮೂರು ಸಾವಿರದ ನಾಲ್ಕುನೂರು, ಮನೆಯ ಕರೆಂಟು ಮತ್ತು ರೀಚಾರ್ಜು ಒಂದು ಸಾವಿರ. ಆಮೇಲೆ ‘ಇವ್ರ 100’ ಎಂದು ಇಪ್ಪತ್ತಾರು ಸಲ ಬರೆದಿದ್ದೀರಿ. ಇವರು ಯಾರು ಎಂದು ನಾನು ಕೇಳುವುದಿಲ್ಲ. ಅದು ಎರಡು ಸಾವಿರದ ಆರುನೂರು."

ಮಾರೆವ್ವನ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾರೆವ್ವ ಮುಚ್ಚಿಕೊಳ್ಳಲಿಲ್ಲ.

"ಯವ್ವಾ, ಇವ್ರು ಯಾರಿರಬಹುದು? ನಮ್ಮ ಓಣ್ಯಾಗ ಅಂಥಾರ ಯಾರೂ ಇಲ್ಲಪ್ಪ!"

ಅಂದಪ್ಪನ ಕೈ ತಾನಾಗಿ ಅಂಗಿಯ ಕಿಸೆಯ ಮೇಲೆ ಹೋಯಿತು. "ಪೆಟ್ರೋಲಿಗಲೇ ಅದು. ನಾ ಏನ್ ಕುಡಿಯಾಕ ಹೋಗೀನೇನು?"

"ಒಟ್ಟು ಇಪ್ಪತ್ತೇಳು ಸಾವಿರ," ಶೇಖರಮ್ಮ ಓದಿದಳು. "ಅಂಗಡಿ ದುಡಿದದ್ದು ಇಪ್ಪತ್ತೊಂದು, ಮನೆ ತಗೊಂಡದ್ದು ಇಪ್ಪತ್ತೇಳು. ಕಡಿಮೆ ಬಿದ್ದ ಆರನ್ನು ಅಣ್ಣಾರು ತುಂಬಿದರು. ಅವರು ತುಂಬಿದ್ದು ಅಂಗಡಿಯ ನಷ್ಟವನ್ನಲ್ಲ, ಮನೆಯ ಖರ್ಚನ್ನೇ. ಗಲ್ಲಾ ಎಂಬ ಓಣಿ ಹಾದು ಹೋಯಿತು ಅಷ್ಟೆ. ಹತ್ತೂ ತಿಂಗಳು ನೋಡಿದೆ, ಎಲ್ಲವೂ ಇದೇ ಕಥೆ. ಮನೆ ಅಂಗಡಿಗೆ ಹಾಕಿದ್ದು ಐವತ್ತೆರಡು ಸಾವಿರ. ಅಂಗಡಿ ಮನೆಗೆ ಕೊಟ್ಟದ್ದು ಎರಡು ಲಕ್ಷ ಮೂವತ್ತೊಂದು ಸಾವಿರ. ನಿಮ್ಮ ಅಂಗಡಿ ನಷ್ಟದಲ್ಲಿಲ್ಲ ಅಕ್ಕಾ. ನಿಮ್ಮ ಅಂಗಡಿ ಮನೆ ನಡೆಸುತ್ತಿದೆ."

ಹಂಚಿನ ಮೇಲೆ ರೊಟ್ಟಿಯೊಂದು ಕರಕಲಾಗುವ ವಾಸನೆ ಬಂತು. ಯಾರೂ ತೆಗೆಯಲಿಲ್ಲ. ಶೇಖರಮ್ಮನ ಕಣ್ಣು ತುಂಬಿ, ಅದರ ಹಿಂದೆಯೇ ನಗು ಬಂದು, ಎರಡೂ ಒಟ್ಟಿಗೆ ಆಗಿ ಮುಖ ಏನೋ ಒಂದು ಆಯಿತು. ಹತ್ತು ತಿಂಗಳಿಂದ ಎದೆಯ ಮೇಲೆ ಕುಳಿತಿದ್ದ ಬೀಸುಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಿತ್ತು.

"ರೊಟ್ಟಿ ಸೀದೋತು ಯಕ್ಕಾ," ಎಂದಳು ಸೊಸೆ ಮೆಲ್ಲಗೆ.

"ಸೀಯಲಿ ಬಿಡ," ಎಂದಳು ಶೇಖರಮ್ಮ. "ಒಂದು ಸೀದ್ರ ಏನಾತು!"

ಅಂದಪ್ಪ ಮಾತ್ರ ಅಷ್ಟು ಸುಲಭಕ್ಕೆ ಇಳಿಯುವ ಆಸಾಮಿಯಲ್ಲ. "ಎಲ್ಲಾ ಒಂದ ಅಲ್ಲೇನು? ಅಂಗಡಿ ನಿಂದು, ಮನಿ ನಂದು, ನೀ ನನ್ನ ಹೇಣ್ತಿ. ಈ ಕಿಸೆದಾಗಿನದು ಆ ಕಿಸೆಕ ಹೋದ್ರ ಯಾರ ಗಂಟು ಹೋತು? ನಮ್ಮ ದುಡ್ಡಿಗೆ ನಾವ ಚೆಕಿಂಗ್ ಏನು?"

ಶೇಖರಮ್ಮ ಹಾಳೆ ತಿರುವಿದಳು. ಓದುವ ಮುನ್ನವೇ ಅವಳ ತುಟಿ ಬಿರಿಯಿತು.

"ಎಲ್ಲಾ ಒಂದೇ ಅಲ್ಲವೇ ಎಂದು ಅಣ್ಣಾರು ಕೇಳಬಹುದು. ಕಾನೂನೂ ಅವರ ಕಡೆಗೇ ಇದೆ. ಒಬ್ಬರೇ ನಡೆಸುವ ಅಂಗಡಿಗೂ ಅದರ ಒಡತಿಗೂ ಒಂದೇ ಪ್ಯಾನ್. ಲಾಭ ಪೂರ್ತಿ ನಿಮ್ಮದು, ಸಾಲ ಬಿದ್ದರೆ ಅದೂ ನಿಮ್ಮದೇ. ಕಂಪನಿಯಾದರೆ ಕಾನೂನೇ ನಡುವೆ ಗೋಡೆ ಎಬ್ಬಿಸುತ್ತದೆ. ನಿಮಗೆ ಎಬ್ಬಿಸುವುದಿಲ್ಲ, ಅದಕ್ಕೇ ನೀವೇ ಎಬ್ಬಿಸಿಕೊಳ್ಳಬೇಕು. ಮನೆಗೆ ತಗೊಳ್ಳುವುದು ತಪ್ಪಲ್ಲ. ಅದಕ್ಕಾಗಿಯೇ ಅಲ್ಲವೇ ಅಂಗಡಿ ಇಟ್ಟದ್ದು? ತಗೊಂಡದ್ದನ್ನು ಅಂಗಡಿಯ ಖರ್ಚಿನಲ್ಲಿ ಸೇರಿಸುವುದು ತಪ್ಪು. ಬರೆಯದೆ ತಗೊಳ್ಳುವುದು ಅದಕ್ಕಿಂತ ತಪ್ಪು.

"ಇನ್ನೂ ಅನುಮಾನ ಇದ್ದರೆ ಅಣ್ಣಾರಿಗೆ ನನ್ನ ಪರವಾಗಿ ಎರಡು ಪ್ರಶ್ನೆ ಕೇಳಿ. ಒಂದು. ಬೆಳಿಗ್ಗೆ ಡ್ಯೂಟಿ ಹತ್ತುವ ಮೊದಲು ಅವರು ಕಿಸೆಯಲ್ಲಿರುವ ಸ್ವಂತ ದುಡ್ಡು ಎಷ್ಟೆಂದು ಟಿಕೆಟ್ಟಿನ ಲೆಕ್ಕದ ಹಾಳೆಯಲ್ಲಿ, ವೇಬಿಲ್ಲಿನಲ್ಲಿ, ಯಾಕೆ ಬರೆಯುತ್ತಾರೆ?"

ಚಹಾದಂಗಡಿಯವನೂ ಕಿವಿ ಈ ಕಡೆ ಹಾಕಿದ್ದ.

"ಬರೀಬೇಕು," ಎಂದ ಅಂದಪ್ಪ, ಅಭ್ಯಾಸದ ದನಿಯಲ್ಲಿ. "ಬರೀಲಿಲ್ಲಂದ್ರ ನಡುದಾರ್ಯಾಗ ಚೆಕಿಂಗ್‌ನವರು ಹತ್ತಿದಾಗ ಯಾವ್ದು ನಂದು, ಯಾವ್ದು ಬಸ್ಸಿಂದು ಅಂತ ಹೆಂಗ ತಿಳೀತೈತಿ? ಟಿಕೆಟ್ಟಿನ ರೊಕ್ಕಕ್ಕಿಂತ ಇಪ್ಪತ್ತು ಹೆಚ್ಚಿಗಿ ಸಿಕ್ಕರೂ ಕೇಸ. ಹಂಗಂತ..." ಅಲ್ಲಿಗೆ ಅವನ ಮಾತು ಬ್ರೇಕು ಹಾಕಿದಂತೆ ನಿಂತಿತು. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ‘ಸ್ವಂತ ಹಣ’ ಎಂಬ ಸಾಲಿನ ಮುಂದೆ ಅಂಕಿ ಬರೆದ ಕೈ ಅದು. ಹಿಂದೊಮ್ಮೆ ಕುಕನೂರಿನ ಹತ್ತಿರ ಚೆಕಿಂಗಿನವರು ಎಣಿಸಿ, ಒಂದು ರೂಪಾಯಿ ಆಚೀಚೆ ಇಲ್ಲವೆಂದು ಬೆನ್ನು ತಟ್ಟಿದ್ದನ್ನು ಇಡೀ ಓಣಿಗೆ ಹೇಳಿ ತಿರುಗಿದ್ದ.

"ಯಾಕ ಅಣ್ಣಾರ, ಸ್ಟಾಪು ಬಂತೇನು?" ಎಂದಳು ಮಾರೆವ್ವ.

"ಎರಡನೇದು ಐತ್ರಿ," ಎಂದು ಶೇಖರಮ್ಮ ಮುಂದೆ ಓದಿದಳು. "ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಕಾಸು ಬರುವುದಿಲ್ಲ. ಆದರೂ ಅಣ್ಣಾರು ಶೂನ್ಯ ಟಿಕೆಟ್ ಯಾಕೆ ಹರಿಯುತ್ತಾರೆ? ಪುಕ್ಕಟೆಯಾದರೂ ಎಷ್ಟು ಜನ ಹೋದರು ಎಂಬುದು ಲೆಕ್ಕದಲ್ಲಿರಬೇಕು ಅಂತ. ನಿಮ್ಮ ಅಂಗಡಿಯಿಂದ ಬೀಗರಿಗೆ, ನೆಂಟರಿಗೆ, ಮನೆಯ ಊಟಕ್ಕೆ ಹೋಗುವ ರೊಟ್ಟಿಗೂ ಒಂದು ಶೂನ್ಯ ಟಿಕೆಟ್ ಹರಿಯಿರಿ. ಕೊಡಬೇಡಿ ಎನ್ನುವುದಿಲ್ಲ. ಕೊಟ್ಟದ್ದು ಮನೆಯ ಲೆಕ್ಕಕ್ಕೆ ಎಂದು ಬರೆದಿಡಿ. ನನ್ನ ಚಟ್ನಿಯಿಂದಲೇ ಶುರು ಮಾಡಿ."

ಅಂದಪ್ಪ ಮೊದಲು ಕೆಮ್ಮಿದ. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕ. "ಆಕಿ ನಮ್ಮ ಡಿಪೋ ಮ್ಯಾನೇಜರ್ ಆಗಬೇಕಿತ್ತಲೇ!" ಎಂದು ಕಿಸೆಯಿಂದ ನೂರರ ನೋಟು ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಗಲ್ಲಾಕ್ಕೆ ಹಾಕಿದ. "ಬರಕೋರಿ, ಇವ್ರ ನೂರು ವಾಪಸ್."

ಪತ್ರದ ಉಳಿದ ಭಾಗವನ್ನು ಅವನೇ ಕಸಿದುಕೊಂಡು ಓದಿದ. ಶಬೀನಾ ಅದರಲ್ಲಿ ಬಿಶಿಯ ಬಗ್ಗೆ ಬರೆದಿದ್ದಳು. ಓಣಿಯ ಹನ್ನೆರಡು ಹೆಂಗಸರು ತಿಂಗಳಿಗೆ ಸಾವಿರದಂತೆ ಕೂಡಿಸಿ ಸರದಿಯ ಮೇಲೆ ಎತ್ತುವ ಬಿಶಿ. ಕೂಡಿಸುವವಳು ಶೇಖರಮ್ಮ, ಎಲ್ಲರೂ ಹಾಕುತ್ತಿದ್ದದ್ದು ಅಂಗಡಿಯ ಗೋಡೆಯ ಕ್ಯೂಆರ್‌ಗೆ. "ಆ ಹನ್ನೆರಡು ಸಾವಿರ ನಿಮ್ಮದೂ ಅಲ್ಲ, ಅಂಗಡಿಯದೂ ಅಲ್ಲ. ನಾನು ಮಾರಾಟದಿಂದ ತೆಗೆದುಹಾಕಿದ್ದೇನೆ. ಆದರೆ ನಾಳೆ ತೆರಿಗೆಯವರು ನೋಡಿದರೆ ಬ್ಯಾಂಕಿನ ಹಾಳೆಯಲ್ಲಿ ಅದಕ್ಕೂ ರೊಟ್ಟಿಯ ದುಡ್ಡಿಗೂ ಮುಖ ಒಂದೇ. ಇದು ಬಿಶಿ, ಇದು ಅಣ್ಣಾರು ಹಾಕಿದ್ದು ಎಂದು ಒಂದೊಂದೇ ಹೇಳುತ್ತ ಕೂರಬೇಕಾದವರು ನೀವು. ಪುರಸಭೆಯ ಲೈಸೆನ್ಸ್ ಮಾಡಿಸಿ. ಸಣ್ಣ ಉದ್ದಿಮೆಗಳಿಗೆ ಸರಕಾರದ ಉದ್ಯಮ್ ನೋಂದಣಿ ಪುಕ್ಕಟೆ ಆಗುತ್ತದೆ, ನಾನೇ ಮಾಡಿಕೊಡುತ್ತೇನೆ. ಅವೆರಡು ಹಿಡಿದು ಬ್ಯಾಂಕಿಗೆ ಹೋಗಿ ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆಗೆಸಿ. ಹೊಸ ಕ್ಯೂಆರ್ ಗೋಡೆಗೆ, ಹಳೆಯದು ಮನೆಗೆ. ಬಿಶಿಯನ್ನು ಅಂಗಡಿಯ ಖಾತೆಗೆ ಮಾತ್ರ ತರಬೇಡಿ.

"ಇನ್ನು ಕೊನೆಯ ಮಾತು, ನನಗೆ ಇಷ್ಟವಾದ ಮಾತು. ಪ್ರತಿ ತಿಂಗಳು ಒಂದನೇ ತಾರೀಖು ಅಂಗಡಿಯ ಖಾತೆಯಿಂದ ನಿಮ್ಮ ಖಾತೆಗೆ ಹದಿನೈದು ಸಾವಿರ ಹಾಕಿಕೊಳ್ಳಿ. ಲೆಕ್ಕದಲ್ಲಿ ಅದು ಖರ್ಚಲ್ಲ, ನಿಮ್ಮ ಲಾಭದಿಂದ ನೀವು ತಗೊಂಡದ್ದು. ಮನೆಯಲ್ಲಿ ಬೇಕಾದರೆ ಪಗಾರ ಎನ್ನಿ, ಕೇಳಲು ಚಂದ. ತಿಂಗಳ ನಡುವೆ ಗಲ್ಲಾಕ್ಕೆ ಕೈ ಹಾಕಬೇಡಿ. ಉಳಿದದ್ದು ಅಂಗಡಿಯಲ್ಲೇ ಇರಲಿ. ಫೆಬ್ರುವರಿಯಲ್ಲಿ ಹೊಸ ಬಿಳಿಜೋಳ ಬಂದಾಗ ಚೀಲಗಟ್ಟಲೆ ಹಿಡಿಯಬಹುದು. ಈಗ ಕಾಸಿಲ್ಲದೆ ಹತ್ತು ಹತ್ತು ಕಿಲೋ ತಂದು ಕಿಲೋಗೆ ನಾಲ್ಕೈದು ರೂಪಾಯಿ ಹೆಚ್ಚು ಕೊಡುತ್ತಿದ್ದೀರಿ."

ಅಂದಪ್ಪ ಕಾಗದ ಮಡಿಸಿದ. "ಹದಿನೈದು ಅಂದ್ರ, ಹನ್ನೆರಡು ಸಾವಿರ ಕಡಿಮಿ ಆತಲ್ಲ. ಮನಿ ಹೆಂಗ ನಡೀಬೇಕು?"

"ಎಲ್ಲಾ ತಿಂಗಳು ಆಯಿರ ಇರಂಗಿಲ್ಲರಿ. ಬೈಕಿನ ಕಂತು, ನಿಮ್ಮ ಪೆಟ್ರೋಲು ನಿಮ್ಮ ಪಗಾರದಾಗ. ಅಂಗಡಿಗೆ ಹಾಕತಿದ್ರಲ್ಲ ಐದಾರು ಸಾವಿರ? ಅದನ್ನ ಇನ್ನ ಮ್ಯಾಲೆ ನೆಟ್ಟಗ ಮನಿಗೇ ಹಾಕ್ರಿ. ಅಂಗಡಿಗೆ ಹಾಕಿದೆ ಅಂತ ನನ್ನ ಬಯ್ಯೂದೂ ತಪ್ಪತೈತಿ."

"ಲೆಕ್ಕ ಮಾಡಿಬಿಟ್ಟಾಳ ಆಗಲೇ," ಎಂದ ಅಂದಪ್ಪ, ಮಾರೆವ್ವನ ಕಡೆ ತಿರುಗಿ.

"ನಿನ್ನಿ ತನಕ ಆಕಿ ರೊಟ್ಟಿ ಅಂಗಡಿಯಾಕಿ ಇದ್ಲು ಅಣ್ಣಾರ. ಈಗ ಮಾಲಕಿ."

ಹತ್ತೂವರೆಗೆ ಲಕ್ಷ್ಮಣಪ್ಪ ಬಂದರು. ಬಾಗಿಲಲ್ಲೇ ನಿಂತು ಟೋಪಿ ಸರಿಮಾಡಿಕೊಂಡರು. ಅಂದಪ್ಪ ಏನೋ ಹೇಳಲು ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

"ಇನ್ನೊಂದು ಹನ್ನೊಂದು ತಿಂಗಳು ಬರಸ್ರಿ ಯಜಮಾನ್ರ," ಎಂದಳು ಶೇಖರಮ್ಮ. "ಮೊಬೈಲಿನಾವಗ ಬ್ಯಾರೆ ಕಡೆ ನೋಡಾಕ ಹೇಳ್ರಿ. ಬಾಡಿಗಿ ಇನ್ನ ಮ್ಯಾಲೆ ಅಂಗಡಿ ಖಾತೆಯಿಂದ ಬರತೈತಿ. ನೀವು ರಸೀದಿ ಕೊಡಬೇಕು."

"ರಸೀದೀನ?" ಲಕ್ಷ್ಮಣಪ್ಪ ಕಣ್ಣರಳಿಸಿದರು. "ಇಲ್ಲೀತನಕ ಯಾರೂ ಕೇಳಿಲ್ಲಲ್ಲ ತಂಗೆವ್ವ!"

"ಟಿಕೆಟ್ ಇಲ್ದ ಹತ್ತಿಸ್ಕೊಳ್ಳಂಗಿಲ್ಲರಿ ಇಲ್ಲಿ," ಎಂದ ಅಂದಪ್ಪ ಗಂಭೀರವಾಗಿ.

ಪುರಸಭೆಗೆ ಮೂರು ಸಲ, ಬ್ಯಾಂಕಿಗೆ ಎರಡು ಸಲ ಓಡಾಡಿದ ಮೇಲೆ ಖಾತೆಯಾಯಿತು. ಗೋಡೆಯ ಮೇಲೆ ಹೊಸ ಕ್ಯೂಆರ್ ಬಂತು, ಅದರ ಪಕ್ಕದಲ್ಲಿ ಶಬೀನಾಳ ಪತ್ರ, ಪ್ಲಾಸ್ಟಿಕ್ ಹಾಳೆಯೊಳಗೆ. ಕ್ಯಾಲೆಂಡರಿನ ಜಾಗದಲ್ಲಿ ಎರಡು ನೋಟುಪುಸ್ತಕ: ಕೆಂಪು ರಟ್ಟಿನದು ಅಂಗಡಿಗೆ, ಹಸಿರು ರಟ್ಟಿನದು ಮನೆಗೆ. ನವೆಂಬರ್ ಒಂದಕ್ಕೆ ಶೇಖರಮ್ಮನ ಫೋನು ಟಿಂಗ್ ಎಂದಿತು. ಹದಿನೈದು ಸಾವಿರ, ಅವಳ ಅಂಗಡಿಯಿಂದ ಅವಳಿಗೆ. ಜೀವನದಲ್ಲಿ ಅವಳ ಹೆಸರಿಗೆ ಬಿದ್ದ ಮೊದಲ ಪಗಾರ. ಗಂಗಾವತಿಯಲ್ಲಿದ್ದ ಮಗಳಿಗೆ ಫೋನು ಮಾಡಿ, ಏನೂ ವಿಶೇಷವಿಲ್ಲವೆಂಬಂತೆ ಹೇಳಲು ಹೋಗಿ, ಎರಡನೇ ಮಾತಿಗೇ ನಕ್ಕುಬಿಟ್ಟಳು.

ಅದೇ ಮಧ್ಯಾಹ್ನ ಅಂದಪ್ಪ ಯೂನಿಫಾರ್ಮಿನಲ್ಲೇ ಬಂದ. ಮರಳಿ ಎಂಬ ಊರಿನಿಂದ ಅವನ ತಂಗಿ ಬಂದಿದ್ದಳು, ಸಂಜೆ ಹೊರಡುವವಳು. "ನಲವತ್ತು ರೊಟ್ಟಿ ಕಟ್ಟು. ಎರಡೂ ಚಟ್ನಿ ಕಾಲು ಕಾಲು ಕಿಲೋ."

"ಶೂನ್ಯ ಟಿಕೆಟ್ಟೋ, ಕಾಸಿಂದೋ?" ಕೆಂಪು ಪುಸ್ತಕ, ಹಸಿರು ಪುಸ್ತಕ ಎರಡನ್ನೂ ಮುಂದಿಟ್ಟುಕೊಂಡು ಕೇಳಿದಳು ಶೇಖರಮ್ಮ.

"ನಮ್ಮ ತಂಗಿಗೆ ನಾ ಕೊಡಾಕತ್ತೀನಿ. ಕಾಸಿಂದು," ಎಂದು ಅಂದಪ್ಪ ಐನೂರರ ನೋಟು ಹಿಡಿದ.

ರೊಟ್ಟಿಗೆ ಮುನ್ನೂರಿಪ್ಪತ್ತು, ಚಟ್ನಿಗೆ ನೂರೈವತ್ತು. ನಾಲ್ಕುನೂರಾ ಎಪ್ಪತ್ತಾಯಿತು. ಅವಳು ಗಲ್ಲಾ ತೆರೆದು ನೋಡಿದಳು. ನಾಲ್ಕು ಹತ್ತರ ನೋಟು ಎದುರಿಗೇ ಇದ್ದವು. ಗಲ್ಲಾ ಮುಚ್ಚಿದಳು. ಬಿಲ್ಲು ಹರಿದು, ತಿರುವಿ, ಹಿಂದೆ ದೊಡ್ಡದಾಗಿ ‘30’ ಎಂದು ಬರೆದು, ಸುತ್ತ ಒಂದು ಗೆರೆ ಎಳೆದು ಗಂಡನ ಕೈಗಿತ್ತಳು.

"ಚಿಲ್ಲರ ಇಲ್ಲರಿ. ಇಳಿಯೂ ಮುಂದ ಕೇಳಿ ಇಸ್ಕೋರಿ."